‘ಮುಂದಿನ ಕ್ವಾರ್ಟರ್‌ನಲ್ಲಿ ಫೋನ್ ಮಾಡಿ’ ಎಂದ ಗ್ರಾಹಕರಿಗೆ ಏನು ಹೇಳಬೇಕು?

ಕಾರ್ಖಾನೆಗೆ ಯಂತ್ರ, ಕಚೇರಿಗೆ ಸಾಫ್ಟ್‌ವೇರ್, ಆಸ್ಪತ್ರೆಗೆ ಉಪಕರಣ ಮಾರುವವರಿಗೆ ಖರೀದಿದಾರರು ‘ಬೇಡ’ ಎಂದು ನೇರವಾಗಿ ಹೇಳುವುದು ಕಡಿಮೆ. ‘ಈ ಕ್ವಾರ್ಟರ್ ಆಗಲ್ಲ, ಮುಂದಿನ ಕ್ವಾರ್ಟರ್‌ನಲ್ಲಿ ಒಂದು ಸಲ ಫೋನ್ ಮಾಡಿ’ ಎನ್ನುವವರೇ ಹೆಚ್ಚು. ಇದಕ್ಕೆ ಮಾರಾಟಗಾರರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೆಲವರು ‘ಸರಿ ಸರ್’ ಎಂದು ಫೋನ್ ಇಟ್ಟು ಮೂರು ತಿಂಗಳು ಸುಮ್ಮನಾಗುತ್ತಾರೆ. ಇನ್ನು ಕೆಲವರು ಮರುದಿನವೇ ಬೆಲೆ ಇಳಿಸಿದ ಕೊಟೇಶನ್ ಕಳಿಸುತ್ತಾರೆ. ಮೊದಲನೆಯವರನ್ನು ಗ್ರಾಹಕರು ಮರೆಯುತ್ತಾರೆ. ಎರಡನೆಯವರ ಮೊದಲ ಬೆಲೆಯೇ ಸುಳ್ಳಾಗಿತ್ತು ಎಂದು ತೀರ್ಮಾನಿಸುತ್ತಾರೆ.

ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿರಬಹುದು. ವಸ್ತು ಬೇಕು, ಆದರೆ ಈ ತ್ರೈಮಾಸಿಕದ ಹಣ ಮುಗಿದಿದೆ ಅಥವಾ ಮಂಜೂರಾಗಿಲ್ಲ ಎಂಬುದು ಒಂದು. ವಸ್ತು ಬೇಕೋ ಬೇಡವೋ ಎಂಬುದೇ ಇನ್ನೊಂದು ನಿರ್ಧಾರಕ್ಕೆ ಕಾದಿದೆ, ಉದಾಹರಣೆಗೆ ಹೊಸ ಆರ್ಡರ್ ಸಿಕ್ಕರೆ ಮಾತ್ರ ಹೊಸ ಯಂತ್ರ ಎಂಬುದು ಎರಡನೆಯದು. ಮೂರನೆಯದು ಮರ್ಯಾದೆಯ ನಿರಾಕರಣೆ. ಎದುರಿಗಿದ್ದವರ ಮನಸ್ಸು ನೋಯಿಸಲು ಇಷ್ಟವಿಲ್ಲದೆ ನಮ್ಮಲ್ಲಿ ‘ನೋಡೋಣ’ ಎನ್ನುವ ರೂಢಿ ಇದೆಯಲ್ಲ, ಅದರ ಕಚೇರಿ ರೂಪ ಇದು. ಮೂರಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ಮೊದಲ ಉತ್ತರದ ಮುಖ್ಯ ಕೆಲಸ ಮಾರುವುದಲ್ಲ, ಈ ಮೂರರಲ್ಲಿ ಯಾವುದು ಎಂದು ಗ್ರಾಹಕರಿಗೆ ಕಿರಿಕಿರಿಯಾಗದಂತೆ ತಿಳಿದುಕೊಳ್ಳುವುದು.

ಅದಕ್ಕೂ ಮುಂಚೆ ಇನ್ನೊಂದು ಸಣ್ಣ ಸಂಗತಿ ಖಚಿತವಾಗಬೇಕು: ಯಾರ ಕ್ವಾರ್ಟರ್? ಭಾರತದ ಬಹುತೇಕ ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅವುಗಳಿಗೆ ಮೊದಲ ತ್ರೈಮಾಸಿಕ ಏಪ್ರಿಲ್‌ನಿಂದ ಜೂನ್. ಆದರೆ ಬೆಂಗಳೂರಿನಲ್ಲಿರುವ ಎಷ್ಟೋ ಕಚೇರಿಗಳು ವಿದೇಶಿ ಮಾತೃಸಂಸ್ಥೆಯ ಬಜೆಟ್ಟಿಗೆ ಒಳಪಟ್ಟಿವೆ. ಅಂಥ ಕಡೆ ಬಜೆಟ್ ವರ್ಷ ಜನವರಿಯಿಂದ ಡಿಸೆಂಬರ್ ಇರಬಹುದು. ಮೈಕ್ರೋಸಾಫ್ಟ್‌ನ ಹಣಕಾಸು ವರ್ಷ ಜುಲೈಯಲ್ಲಿ ಆರಂಭವಾದರೆ ಅಕ್ಸೆಂಚರ್‌ನದು ಸೆಪ್ಟೆಂಬರ್‌ನಲ್ಲಿ. ನವೆಂಬರ್‌ನಲ್ಲಿ ಒಬ್ಬ ಮ್ಯಾನೇಜರ್ ‘ಮುಂದಿನ ಕ್ವಾರ್ಟರ್’ ಎಂದಾಗ ಕ್ಯಾಲೆಂಡರ್ ವರ್ಷದ ಕಂಪನಿಯಲ್ಲಿ ಅದು ಹೊಸ ಬಜೆಟ್ಟಿನ ತುಂಬಿದ ಕೈ, ಏಪ್ರಿಲ್–ಮಾರ್ಚ್ ಕಂಪನಿಯಲ್ಲಿ ಅದು ಹಳೆಯ ಬಜೆಟ್ಟಿನ ಕೊನೆಯ ಮೂರು ತಿಂಗಳು. ಎರಡೂ ಜನವರಿಯಲ್ಲೇ ಶುರುವಾಗುತ್ತವೆ, ಆದರೆ ಹಣದ ಸ್ಥಿತಿ ತೀರ ಬೇರೆ. ‘ನಿಮ್ಮಲ್ಲಿ ಬಜೆಟ್ ವರ್ಷ ಏಪ್ರಿಲ್‌ನಿಂದಲೋ ಜನವರಿಯಿಂದಲೋ ಸರ್?’ ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಕೇಳದೇ ಹೋದರೆ ಎಲ್ಲ ಲೆಕ್ಕವೂ ಮೂರು ತಿಂಗಳು ಆಚೀಚೆಯಾಗಬಹುದು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ಪೀಣ್ಯದ ಒಬ್ಬ ಡೀಲರ್ ಏರ್ ಕಂಪ್ರೆಸರ್ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಬೊಮ್ಮಸಂದ್ರದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಏಪ್ರಿಲ್‌ನಲ್ಲಿ 50 ಎಚ್‌ಪಿ, ಅಂದರೆ 37 ಕಿಲೋವ್ಯಾಟ್‌ನ ಸ್ಕ್ರೂ ಕಂಪ್ರೆಸರ್‌ಗೆ 8 ಲಕ್ಷ ರೂಪಾಯಿಯ ಕೊಟೇಶನ್ ಕೊಟ್ಟಿದ್ದಾರೆ. ಮೇ ಮಧ್ಯದಲ್ಲಿ ಪರ್ಚೇಸ್ ಮ್ಯಾನೇಜರ್ ಹೇಳುತ್ತಾರೆ: ‘ನಿಮ್ಮ ಆಫರ್ ಚೆನ್ನಾಗಿದೆ, ಆದ್ರೆ ಈ ಕ್ವಾರ್ಟರ್ ಕಷ್ಟ. ನೆಕ್ಸ್ಟ್ ಕ್ವಾರ್ಟರ್ ಮಾತಾಡೋಣ.’

ಉತ್ತರ ಅದೇ ದಿನ ಹೋಗಬೇಕು. ಫೋನಿನಲ್ಲಿ ಮಾತು ಮುಗಿದಿದ್ದರೂ ಬರಹದಲ್ಲಿ ಒಂದು ಪ್ರತಿ ಇರಲಿ. ಜುಲೈಯಲ್ಲಿ ಮತ್ತೆ ಕರೆ ಮಾಡಿದಾಗ ಇಬ್ಬರಿಗೂ ನೆನಪಿಗೆ ಬರುವುದು ಆ ಬರಹವೇ. ಅದು ಹೀಗಿರಬಹುದು:

‘ನಮಸ್ಕಾರ ಸರ್. ಈ ತ್ರೈಮಾಸಿಕದಲ್ಲಿ ಆಗುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಜೂನ್ 24ರ ಮಂಗಳವಾರ ಬೆಳಿಗ್ಗೆ ನಿಮಗೆ ಕರೆ ಮಾಡುತ್ತೇನೆ. ಆ ದಿನ ಅನುಕೂಲವಿಲ್ಲದಿದ್ದರೆ ಬೇರೆ ದಿನ ಹೇಳಿ. ನಮ್ಮ ಕಡೆಯ ತಯಾರಿಗಾಗಿ ಒಂದೇ ಪ್ರಶ್ನೆ: ಜುಲೈ ಹೊತ್ತಿಗೆ ಆಗಬೇಕಿರುವುದು ಬಜೆಟ್ ಮಂಜೂರಾತಿಯೋ, ಅಥವಾ ಕಂಪ್ರೆಸರ್ ಬೇಕೇ ಎಂಬ ನಿರ್ಧಾರವೇ ಬಾಕಿ ಇದೆಯೋ? ಈಗಿನ ಕೊಟೇಶನ್ನಿನ 30 ದಿನದ ಅವಧಿ ಮುಗಿದಿರುತ್ತದೆ, ಆದ್ದರಿಂದ ಆಗ ಅದೇ ನಂಬರಿನಲ್ಲಿ ಪರಿಷ್ಕೃತ ಪ್ರತಿ ಕಳಿಸುತ್ತೇನೆ. ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಮುಂಚೆಯೇ ತಿಳಿಸುತ್ತೇನೆ.’

ಈ ಕೆಲವು ಸಾಲುಗಳಲ್ಲಿ ಒಂದೊಂದೂ ಒಂದು ಕೆಲಸ ಮಾಡುತ್ತದೆ. ಮೊದಲ ಸಾಲು ಗ್ರಾಹಕರ ಮಾತನ್ನು ಒಪ್ಪಿಕೊಳ್ಳುತ್ತದೆ. ‘ಈ ತಿಂಗಳೇ ತೆಗೆದುಕೊಂಡರೆ ಒಳ್ಳೆಯದಿತ್ತು’ ಎಂಬ ಗೊಣಗು ಅದರಲ್ಲಿಲ್ಲ. ಎರಡನೆಯದು ‘ಮುಂದಿನ ಕ್ವಾರ್ಟರ್’ ಎಂಬ ಮಸುಕಾದ ಕಾಲವನ್ನು ಒಂದು ದಿನಾಂಕಕ್ಕೆ ತರುತ್ತದೆ, ಕರೆ ಮಾಡುವ ಹೊಣೆಯನ್ನು ಮಾರಾಟಗಾರರೇ ಹೊರುತ್ತಾರೆ. ‘ನಿಮಗೆ ಬೇಕಾದಾಗ ತಿಳಿಸಿ’ ಎಂದು ಬರೆದರೆ ಆ ಹೊಣೆ ಗ್ರಾಹಕರ ಮೇಲೆ ಬೀಳುತ್ತದೆ, ಅವರು ತಿಳಿಸುವುದಿಲ್ಲ. ಪ್ರಶ್ನೆಯನ್ನು ಎರಡು ಆಯ್ಕೆಗಳಾಗಿ ಕೇಳಿರುವುದಕ್ಕೂ ಕಾರಣವಿದೆ. ‘ಏಕೆ ಮುಂದೂಡುತ್ತಿದ್ದೀರಿ?’ ಎಂದರೆ ಗ್ರಾಹಕರು ಸಮರ್ಥನೆ ಕೊಡಬೇಕಾಗುತ್ತದೆ. ‘ಇದೋ ಅದೋ’ ಎಂದರೆ ಒಂದು ಪದದಲ್ಲಿ ಉತ್ತರಿಸಬಹುದು. ಕೊನೆಯ ಎರಡು ಸಾಲು ಬೆಲೆಯ ಬಗ್ಗೆ. ಹಳೆಯ ಬೆಲೆ ಜುಲೈಯಲ್ಲೂ ಇರುತ್ತದೆ ಎಂದು ಸುಮ್ಮನೆ ನಂಬಿಸಿ ಆಮೇಲೆ ಏರಿಸಿದರೆ, ಗ್ರಾಹಕರು ಅದೇ ಹಳೆಯ ಅಂಕಿಯನ್ನು ತಮ್ಮ ಮಂಜೂರಾತಿ ಟಿಪ್ಪಣಿಯಲ್ಲಿ ಬರೆದಿರುತ್ತಾರೆ. ಹೆಚ್ಚುವರಿ ಮೊತ್ತಕ್ಕೆ ಮತ್ತೆ ಸಹಿ ಬೇಕಾಗುತ್ತದೆ, ಅಲ್ಲಿ ವ್ಯವಹಾರ ನಿಲ್ಲುತ್ತದೆ.

ರಿಯಾಯಿತಿ ಆ ಉತ್ತರದಲ್ಲಿ ಇಲ್ಲ. ಬೆಲೆ ಹೆಚ್ಚಾಯಿತು ಎಂದು ಗ್ರಾಹಕರು ಹೇಳಿಲ್ಲ. ಹೇಳದ ದೂರಿಗೆ ಪರಿಹಾರ ಕೊಡುವುದು ಎರಡು ರೀತಿಯಲ್ಲಿ ನಷ್ಟ. ಹಣವೇ ಇಲ್ಲದ ಕಡೆ 5 ಪ್ರತಿಶತ ಇಳಿಸಿದರೂ ಆರ್ಡರ್ ಬರುವುದಿಲ್ಲ, ಜುಲೈಯ ಚೌಕಾಸಿ ಮಾತ್ರ ಆ ಇಳಿದ ಬೆಲೆಯಿಂದ ಆರಂಭವಾಗುತ್ತದೆ.

ಗ್ರಾಹಕರ ಮರು ಉತ್ತರದಲ್ಲಿ ಸ್ಥಿತಿ ಸಾಕಷ್ಟು ಸ್ಪಷ್ಟವಾಗುತ್ತದೆ. ನಿಜವಾಗಿ ಬಜೆಟ್ಟಿಗೆ ಕಾದಿರುವವರ ಮಾತಿನಲ್ಲಿ ವಿವರ ಇರುತ್ತದೆ: ‘ಜುಲೈ ಮೊದಲ ವಾರ ಕ್ಯಾಪೆಕ್ಸ್ ಮೀಟಿಂಗ್ ಇದೆ, ಪ್ಲಾಂಟ್ ಹೆಡ್ ಸಹಿ ಆಗ್ಬೇಕು.’ ಸಭೆ, ದಿನಾಂಕ, ಸಹಿ ಮಾಡುವ ವ್ಯಕ್ತಿ, ಈ ಮೂರರಲ್ಲಿ ಒಂದಾದರೂ ಹೊರಬಂದರೆ ಆ ಮುಂದೂಡಿಕೆ ನಿಜವಾದದ್ದು ಎಂದು ಭಾವಿಸಬಹುದು. ಎರಡನೆಯ ಬಗೆಯವರು ಬೇರೊಂದು ಘಟನೆಯನ್ನು ಹೆಸರಿಸುತ್ತಾರೆ: ಹೊಸ ಶೆಡ್ ಮುಗಿಯಬೇಕು, ಹೊಸ ಲೈನ್ ಬರಬೇಕು. ಆಗ ನೆನಪಿಡಬೇಕಾದದ್ದು ತ್ರೈಮಾಸಿಕವನ್ನಲ್ಲ, ಆ ಘಟನೆಯನ್ನು. ಶೆಡ್ ಸೆಪ್ಟೆಂಬರ್‌ಗೆ ಮುಗಿಯುವುದಾದರೆ ಜುಲೈಯಲ್ಲಿ ಕರೆ ಮಾಡಿ ಪ್ರಯೋಜನವಿಲ್ಲ. ಮೂರನೆಯವರಲ್ಲಿ ಉತ್ತರವೇ ಬರುವುದಿಲ್ಲ, ಅಥವಾ ‘ನೋಡೋಣ, ನಾನೇ ಹೇಳ್ತೀನಿ’ ಎಂದಷ್ಟೇ ಬರುತ್ತದೆ. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಆದರೆ ಮಾರಾಟದ ಅಂದಾಜು ಪಟ್ಟಿಯಲ್ಲಿ ಜುಲೈಗೆ 8 ಲಕ್ಷ ಎಂದು ಬರೆದುಕೊಳ್ಳಲೂಬಾರದು. ಡೀಲರುಗಳ ಅಂದಾಜು ತಪ್ಪುವುದು ಬಹುಪಾಲು ಈ ಬಗೆಯ ಹೆಸರುಗಳಿಂದಲೇ.

ನಮ್ಮ ಉದಾಹರಣೆಯಲ್ಲಿ ಬೊಮ್ಮಸಂದ್ರದವರು ಜುಲೈಯ ಕ್ಯಾಪೆಕ್ಸ್ ಸಭೆಯನ್ನು ಹೇಳಿದ್ದಾರೆ ಎನ್ನೋಣ. ಈಗ ಕೈಯಲ್ಲಿರುವುದು ಸುಮಾರು ಆರು ವಾರ. ಈ ಅವಧಿಯಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ ಸಂಪರ್ಕ ಸಾಕು. ವಾರಕ್ಕೊಂದು ‘ಏನಾದ್ರೂ ಅಪ್‌ಡೇಟ್ ಇದೆಯಾ ಸರ್?’ ಕಳಿಸುವವರು ತಮಗೆ ಬೇಕಾದದ್ದನ್ನು ಕೇಳುತ್ತಿರುತ್ತಾರೆ, ಗ್ರಾಹಕರಿಗೆ ಏನನ್ನೂ ಕೊಡುತ್ತಿರುವುದಿಲ್ಲ. ಹಬ್ಬದ ಶುಭಾಶಯದ ಚಿತ್ರವೂ ಸಂಬಂಧ ಉಳಿಸುವುದಿಲ್ಲ. ಅದೇ ದಿನ ಅಂಥವು ಹತ್ತಾರು ಬಂದಿರುತ್ತವೆ. ಕಳಿಸುವ ವಸ್ತು ಕಂಪ್ರೆಸರ್ ಕೊಳ್ಳದೆಯೂ ಗ್ರಾಹಕರಿಗೆ ಉಪಯೋಗವಾಗುವಂಥದ್ದಾಗಿರಬೇಕು.

ಕಂಪ್ರೆಸರ್ ವ್ಯಾಪಾರದಲ್ಲಿ ಅಂಥದ್ದು ಒಂದಿದೆ: ಗಾಳಿ ಸೋರಿಕೆಯ ಪರೀಕ್ಷೆ. ಕಾರ್ಖಾನೆಯ ಪೈಪು, ಜಾಯಿಂಟು, ಕಪ್ಲಿಂಗ್‌ಗಳಲ್ಲಿ ಸದಾ ಸ್ವಲ್ಪ ಗಾಳಿ ಸೋರುತ್ತಿರುತ್ತದೆ, ಅದರ ವಿದ್ಯುತ್ ಖರ್ಚು ಯಾವ ಬಿಲ್ಲಿನಲ್ಲೂ ಬೇರೆಯಾಗಿ ಕಾಣುವುದಿಲ್ಲ. ಅದನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ವಾರದ ರಜೆಯ ದಿನ ಗಾಳಿ ಬಳಸುವ ಎಲ್ಲ ಯಂತ್ರಗಳನ್ನು ನಿಲ್ಲಿಸಿ, ಲೈನಿನ ವಾಲ್ವ್‌ಗಳನ್ನು ಎಂದಿನಂತೆ ತೆರೆದಿಟ್ಟು, ಕಂಪ್ರೆಸರ್ ಒಂದನ್ನೇ ಓಡಿಸಬೇಕು. ಒತ್ತಡ ಮೇಲಿನ ಮಿತಿ ಮುಟ್ಟಿದಾಗ ಅದು ಅನ್‌ಲೋಡ್ ಆಗುತ್ತದೆ. ಸೋರಿಕೆಯಿಂದ ಒತ್ತಡ ಇಳಿದಾಗ ಮತ್ತೆ ಲೋಡ್ ಆಗುತ್ತದೆ. ಲೋಡ್ ಆಗಿದ್ದ ಸಮಯ ಮತ್ತು ಅನ್‌ಲೋಡ್ ಆಗಿದ್ದ ಸಮಯವನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನಾಲ್ಕೈದು ಸುತ್ತು ಬರೆದುಕೊಂಡು ಸರಾಸರಿ ತೆಗೆದರೆ ಆಯಿತು. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದಾಗ ಸೋರಿಕೆಯ ಪಾಲು ಸಿಗುತ್ತದೆ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದಾದರೆ ಕಂಪ್ರೆಸರ್‌ನ ಸಾಮರ್ಥ್ಯದ ಕಾಲು ಭಾಗ, ಅಂದರೆ 25 ಪ್ರತಿಶತ, ಸೋರಿಕೆಗೇ ಹೋಗುತ್ತಿದೆ ಎಂದರ್ಥ.

37 ಕಿಲೋವ್ಯಾಟ್‌ನ ಯಂತ್ರದಲ್ಲಿ ಕಾಲು ಭಾಗ ಎಂದರೆ ಗಂಟೆಗೆ ಸುಮಾರು 9 ಯೂನಿಟ್. ಎರಡು ಪಾಳಿಯಂತೆ ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ ಓಡಿದರೆ 3,600 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 25,200 ರೂಪಾಯಿ. ಸೋರಿಕೆಯನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಅರ್ಧ ನಿಂತರೂ ತಿಂಗಳಿಗೆ 12,000 ರೂಪಾಯಿಗೂ ಮೇಲೆ ಉಳಿಯಿತು. ಸಾಬೂನು ನೀರು, ಟೆಫ್ಲಾನ್ ಟೇಪ್, ಕೆಲವು ಹೊಸ ಕಪ್ಲಿಂಗ್, ಒಬ್ಬ ಫಿಟ್ಟರ್‌ನ ಒಂದು ದಿನದ ಕೆಲಸ, ಇಷ್ಟರಲ್ಲಿ ಮುಗಿಯುವ ರಿಪೇರಿ ಇದು.

ಜೂನ್ ಮೊದಲ ವಾರದಲ್ಲಿ ಡೀಲರ್ ಈ ಪರೀಕ್ಷೆಯ ವಿಧಾನವನ್ನು ಒಂದು ಪುಟದಲ್ಲಿ ಬರೆದು ಕಳಿಸುತ್ತಾರೆ. ಪರ್ಚೇಸ್ ಮ್ಯಾನೇಜರ್‌ಗೆ ಮಾತ್ರವಲ್ಲ, ಅವರ ಅನುಮತಿ ಕೇಳಿ ಮೇಂಟೆನೆನ್ಸ್ ಎಂಜಿನಿಯರ್‌ಗೂ. ಜತೆಗಿನ ಸಂದೇಶ ಎರಡೇ ಸಾಲು: ‘ಈ ಭಾನುವಾರ ಬಿಡುವಿದ್ದರೆ ಇದನ್ನೊಮ್ಮೆ ಮಾಡಿ ನೋಡಿ ಸರ್. ರೀಡಿಂಗ್ ಕಳಿಸಿದರೆ ಲೆಕ್ಕ ಹಾಕಿಕೊಡುತ್ತೇನೆ.’ ಆರ್ಡರ್ ವಿಷಯ ಅದರಲ್ಲಿ ಎತ್ತುವುದಿಲ್ಲ. ಎತ್ತಿದರೆ ಆ ಪುಟವೂ ಜಾಹೀರಾತಾಗಿಬಿಡುತ್ತದೆ.

ಇಲ್ಲಿ ಒಂದು ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಸೋರಿಕೆ ನಿಂತ ಮೇಲೆ ಈಗಿರುವ ಕಂಪ್ರೆಸರೇ ಸಾಕು ಎಂದಾಗಬಹುದು, ಅಥವಾ 50ರ ಬದಲು 40 ಎಚ್‌ಪಿಯ ಯಂತ್ರ ಸಾಕಾಗಬಹುದು. ಹಾಗಾದರೆ ಡೀಲರ್‌ಗೆ ಆ ಮಟ್ಟಿಗೆ ಆದಾಯ ಕಡಿಮೆ. ಆದರೂ ಕಳಿಸುವುದೇ ಸರಿ. ಬೇಡದ ದೊಡ್ಡ ಯಂತ್ರ ಹಾಕಿದರೆ ಅದು ಹೆಚ್ಚು ಹೊತ್ತು ಅನ್‌ಲೋಡ್‌ನಲ್ಲೇ ಓಡುತ್ತದೆ, ಮಾಮೂಲಿ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲೂ ಪೂರ್ಣ ಲೋಡಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ವರ್ಷದೊಳಗೆ ಮೇಂಟೆನೆನ್ಸ್ ಎಂಜಿನಿಯರ್‌ಗೆ ಅದು ಗೊತ್ತಾಗುತ್ತದೆ. ಬಿಡಿಭಾಗ, ಎಣ್ಣೆ, ಸರ್ವಿಸ್ ಒಪ್ಪಂದಗಳ ಮೇಲೆ ಅನೇಕ ವರ್ಷ ನಡೆಯುವ ಈ ವ್ಯಾಪಾರದಲ್ಲಿ ಆ ಎಂಜಿನಿಯರ್‌ನ ನಂಬಿಕೆ 10 ಎಚ್‌ಪಿಗಿಂತ ದೊಡ್ಡದು.

ಮೇಂಟೆನೆನ್ಸ್ ಎಂಜಿನಿಯರ್‌ರನ್ನು ಸೇರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಮೂರು ತಿಂಗಳಲ್ಲಿ ಜನ ಬದಲಾಗುತ್ತಾರೆ. ಪರ್ಚೇಸ್ ಮ್ಯಾನೇಜರ್ ಬೇರೆ ಕಂಪನಿಗೆ ಹೋದರೆ, ಹೊಸಬರಿಗೆ ಹಿಂದಿನ ಮಾತುಕತೆಯ ಸುಳಿವೇ ಇರುವುದಿಲ್ಲ. ಅವರು ತಮಗೆ ಪರಿಚಯವಿರುವ ಡೀಲರ್‌ನನ್ನೇ ಕರೆಯುತ್ತಾರೆ. ಒಳಗೆ ಎರಡನೆಯ ವ್ಯಕ್ತಿಯ ಪರಿಚಯವಿದ್ದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮಾರುವವರ ಕಡೆಯಲ್ಲೂ ಇದೇ ಸಮಸ್ಯೆ. ಸೇಲ್ಸ್ ಹುಡುಗ ಕೆಲಸ ಬಿಟ್ಟರೆ ಅವನ ಫೋನಿನ ಜತೆ ಮಾತುಕತೆಯೂ ಹೋಗುತ್ತದೆ. ಅದಕ್ಕೇ ಎಕ್ಸೆಲ್‌ನಲ್ಲೋ ನೋಟ್‌ಬುಕ್‌ನಲ್ಲೋ ಕಚೇರಿಯ ದಾಖಲೆಯಲ್ಲಿ ಗ್ರಾಹಕರು ಆಡಿದ ಮಾತು, ಅವರು ಕೊಟ್ಟ ಕಾರಣ ಮತ್ತು ಮುಂದಿನ ದಿನಾಂಕ ಇರಬೇಕು. ‘ಫಾಲೋ ಅಪ್ ಜುಲೈ’ ಎಂದಷ್ಟೇ ಬರೆದರೆ ಜುಲೈಯಲ್ಲಿ ಅದನ್ನು ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಕ್ಯಾಪೆಕ್ಸ್ ಮೀಟಿಂಗ್ ಜುಲೈ ಮೊದಲ ವಾರ, ಪ್ಲಾಂಟ್ ಹೆಡ್ ಸಹಿ, ಬೆಲೆಯ ತಕರಾರಿಲ್ಲ’ ಎಂದಿದ್ದರೆ ಮುಂದಿನ ಕರೆಯ ಅರ್ಧ ಕೆಲಸ ಆದಂತೆ.

ಕರೆಗೆ ಜುಲೈಯ ದಿನಾಂಕ ಬಿಟ್ಟು ಜೂನ್ 24 ಅನ್ನು ಆರಿಸಿಕೊಂಡದ್ದೇಕೆ? ‘ಮುಂದಿನ ಕ್ವಾರ್ಟರ್’ ಎಂದವರಿಗೆ ಆ ಕ್ವಾರ್ಟರ್ ಆರಂಭವಾಗಿ ತಿಂಗಳಾದ ಮೇಲೆ ಫೋನ್ ಮಾಡುವುದು ಸಾಮಾನ್ಯ ತಪ್ಪು. ಅಷ್ಟರಲ್ಲಿ ಸಭೆ ಮುಗಿದಿರುತ್ತದೆ. ಒಂದು ಯಂತ್ರದ ಖರೀದಿಗೆ ಇಂಡೆಂಟ್ ಏಳಬೇಕು, ಸಾಮಾನ್ಯವಾಗಿ ಮೂರು ಕಡೆಯ ಕೊಟೇಶನ್ ಹೋಲಿಸಬೇಕು, ಸಹಿಯಾಗಬೇಕು, ಪರ್ಚೇಸ್ ಆರ್ಡರ್ ಹೊರಡಬೇಕು, ಮುಂಗಡ ಬರಬೇಕು, ಯಂತ್ರ ಬರಬೇಕು, ಜೋಡಣೆಯಾಗಬೇಕು. ಸಭೆಗೆ ಮುಂಚಿನ ವಾರ ಪರಿಷ್ಕೃತ ಕೊಟೇಶನ್ ಮೇಜಿನ ಮೇಲಿದ್ದರೆ ಮಾತ್ರ ಅದು ಹೋಲಿಕೆಯ ಪಟ್ಟಿಯೊಳಗೆ ಸೇರುತ್ತದೆ. ಹಾಗೆಂದು ತ್ರೈಮಾಸಿಕದ ಕೊನೆಯ ಎರಡು ದಿನ ಕರೆ ಮಾಡಬಾರದು. ಆಗ ಎಲ್ಲರೂ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ, ಮಾರ್ಚ್ ಕೊನೆಯ ವಾರವಂತೂ ಲೆಕ್ಕಪತ್ರ ವಿಭಾಗದವರು ಫೋನನ್ನೇ ಎತ್ತುವುದಿಲ್ಲ. ಮುಂಗಡ ತೆರಿಗೆ ಕಟ್ಟುವ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರ ಆಸುಪಾಸಿನಲ್ಲೂ ಹಣಕಾಸಿನವರ ಗಮನ ಬೇರೆಡೆ ಇರುತ್ತದೆ.

ಈ ಉದಾಹರಣೆಯಲ್ಲಿ ಇನ್ನೊಂದು ದಿನಾಂಕ ಲೆಕ್ಕಕ್ಕೆ ಬರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ 15 ಪ್ರತಿಶತ ಸವಕಳಿ ಸಿಗುತ್ತದೆ. ಕೊಂಡ ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷ ಸಿಗುವುದು ಅರ್ಧ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 3ರೊಳಗೆ ಯಂತ್ರ ಓಡಲು ಆರಂಭಿಸಿರಬೇಕು; ಇನ್‌ವಾಯ್ಸ್ ಆದರೆ ಸಾಲದು, ಬಳಕೆಗೆ ಬಂದಿರಬೇಕು. 8 ಲಕ್ಷದ ಯಂತ್ರಕ್ಕೆ ಪೂರ್ಣ ಸವಕಳಿ 1,20,000 ರೂಪಾಯಿ, ಅರ್ಧವಾದರೆ 60,000. ಈ ವಿಷಯವನ್ನು ಗ್ರಾಹಕರ ಗಮನಕ್ಕೆ ತರುವುದು ತಪ್ಪಲ್ಲ. ಆದರೆ ಅದನ್ನು 60,000 ರೂಪಾಯಿಯ ನಷ್ಟ ಎಂದು ಹೆದರಿಸುವುದು ತಪ್ಪು. ಉಳಿದ ಸವಕಳಿ ಎಲ್ಲೂ ಹೋಗುವುದಿಲ್ಲ, ಮುಂದಿನ ವರ್ಷಗಳಲ್ಲಿ ಸಿಗುತ್ತದೆ. ಆ ವರ್ಷದ ತೆರಿಗೆ 25 ಪ್ರತಿಶತ ಎಂದು ಹಿಡಿದರೆ ಮುಂದಕ್ಕೆ ಹೋಗುವುದು 15,000 ರೂಪಾಯಿಯ ತೆರಿಗೆ ಉಳಿತಾಯ ಅಷ್ಟೆ. ಕಾರ್ಖಾನೆಯ ಲೆಕ್ಕಿಗರಿಗೆ ಇದು ಡೀಲರ್‌ಗಿಂತ ಚೆನ್ನಾಗಿ ಗೊತ್ತು, ಉತ್ಪ್ರೇಕ್ಷೆ ಅವರ ಕಣ್ಣಿಗೆ ಕೂಡಲೇ ಬೀಳುತ್ತದೆ. ‘ಜುಲೈ ಮಧ್ಯದಲ್ಲಿ ಆರ್ಡರ್ ಆದರೆ ಸೆಪ್ಟೆಂಬರ್ ಒಳಗೆ ಯಂತ್ರ ಓಡುತ್ತದೆ, 180 ದಿನದ ಲೆಕ್ಕಕ್ಕೂ ಸರಿಹೋಗುತ್ತದೆ’ ಎಂದರೆ ಸಾಕು. ಆಯುಧಪೂಜೆಗೆ ಹೊಸ ಯಂತ್ರ ಇರಲಿ ಎಂಬ ಆಸೆ ಕೆಲವು ಮಾಲೀಕರಿಗಿರುತ್ತದೆ, ಅದನ್ನು ಅವರೇ ಹೇಳುತ್ತಾರೆ.

ಜೂನ್ 24ರ ಕರೆ ಮೇ ತಿಂಗಳ ಮಾತಿನಿಂದಲೇ ಆರಂಭವಾಗಬೇಕು: ‘ಜುಲೈ ಮೊದಲ ವಾರ ಮೀಟಿಂಗ್ ಅಂದಿದ್ರಿ ಸರ್, ಅದಕ್ಕೆ ಮುಂಚೆ ಕೊಟೇಶನ್ ಹೊಸದಾಗಿ ಬೇಕಾಗುತ್ತೆ ಅಂತ ಫೋನ್ ಮಾಡಿದೆ.’ ಗ್ರಾಹಕರ ಮಾತನ್ನು ಗ್ರಾಹಕರಿಗೇ ನೆನಪಿಸಿದಾಗ ಹೊಸದಾಗಿ ಒತ್ತಡ ಹಾಕಿದಂತಾಗುವುದಿಲ್ಲ. ಸೋರಿಕೆ ಪರೀಕ್ಷೆಯ ರೀಡಿಂಗ್ ಬಂದಿದ್ದರೆ ಕೊಟೇಶನ್ ಅದರ ಆಧಾರದ ಮೇಲೆ ಇರಬೇಕು, ಯಂತ್ರ ಚಿಕ್ಕದಾಗುವುದಿದ್ದರೂ ಸರಿ.

ಜುಲೈಯಲ್ಲೂ ‘ಮುಂದಿನ ಕ್ವಾರ್ಟರ್’ ಎಂದೇ ಬಂದರೆ? ಆಗ ಮೇ ತಿಂಗಳ ಉತ್ತರವನ್ನೇ ಮತ್ತೆ ಕಳಿಸಬಾರದು. ಮೊದಲ ಸಲ ಕೊಟ್ಟ ಕಾರಣ ಏನಾಯಿತು ಎಂದು ವಿಚಾರಿಸಬೇಕು. ಸಭೆಯೇ ಮುಂದಕ್ಕೆ ಹೋಗಿದ್ದರೆ ಅದೇ ವಿಧಾನ ಮುಂದುವರಿಸಬಹುದು. ಸಭೆ ನಡೆದು ಕಂಪ್ರೆಸರ್ ವಿಷಯ ಬರಲೇ ಇಲ್ಲ ಎಂದರೆ, ಆ ಕಾರ್ಖಾನೆಯ ಆದ್ಯತೆಯ ಪಟ್ಟಿಯಲ್ಲಿ ಅದು ಇಲ್ಲ ಎಂದರ್ಥ. ಆಗ ನೇರವಾಗಿ, ಮರ್ಯಾದೆಯಿಂದ ಕೇಳುವುದು ಇಬ್ಬರಿಗೂ ಒಳ್ಳೆಯದು: ‘ಈ ವರ್ಷ ಇದು ನಿಮ್ಮ ಯೋಜನೆಯಲ್ಲಿ ಇಲ್ಲ ಅನ್ನಿಸಿದರೆ ಹೇಳಿಬಿಡಿ ಸರ್, ನಾನು ಮತ್ತೆ ಮತ್ತೆ ತೊಂದರೆ ಕೊಡುವುದಿಲ್ಲ. ಸರ್ವಿಸ್ ವಿಷಯದಲ್ಲಿ ಏನೇ ಇದ್ದರೂ ಫೋನ್ ಮಾಡಿ.’ ‘ಇಲ್ಲ’ ಎನ್ನಲು ದಾರಿ ಬಿಟ್ಟುಕೊಟ್ಟಾಗ ಹಲವರು ನಿಜವಾದ ಕಾರಣ ಹೇಳುತ್ತಾರೆ: ಬೇರೆಯವರಿಗೆ ಆರ್ಡರ್ ಕೊಟ್ಟಾಗಿದೆ, ಕಾರ್ಖಾನೆ ಸ್ಥಳಾಂತರವಾಗುತ್ತಿದೆ, ಬೆಲೆಯೇ ಹೆಚ್ಚಾಯಿತು. ಬೆಲೆಯ ಮಾತು ಈಗ ಬಂದರೆ ಅದನ್ನು ಚರ್ಚಿಸಬಹುದು. ಅದು ಗ್ರಾಹಕರ ಬಾಯಿಂದಲೇ ಬಂದಿದೆ.

‘ಈ ವರ್ಷ ಇಲ್ಲ’ ಎಂದವರ ಹೆಸರನ್ನು ಪಟ್ಟಿಯಿಂದ ಅಳಿಸಬಾರದು, ತ್ರೈಮಾಸಿಕದ ಸಾಲಿನಿಂದ ವಾರ್ಷಿಕ ಸಾಲಿಗೆ ಸರಿಸಿದರೆ ಸಾಕು. ಏಪ್ರಿಲ್–ಮಾರ್ಚ್ ಲೆಕ್ಕದ ಕಂಪನಿಗಳಲ್ಲಿ ಮರುವರ್ಷದ ಖರೀದಿಯ ಪಟ್ಟಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲೇ ತಯಾರಾಗುತ್ತದೆ. ಅಂಥವರಿಗೆ ಮುಂದಿನ ಕರೆ ಮಾಡಬೇಕಾದದ್ದು ಏಪ್ರಿಲ್‌ನಲ್ಲಲ್ಲ, ಜನವರಿಯ ಮೊದಲ ವಾರದಲ್ಲಿ.